ಆಸ್ಮಾನಿ, ಸುಲ್ತಾನಿ ಮತ್ತು ಹದಿನಾಲ್ಕನೇ ಕಲಮು

ನಮ್ಮ ಕಡೆಯ ಕಿರಾಯಿ ಕರಾರು ಪತ್ರಗಳಲ್ಲಿ ಯಾರೂ ಓದದ ಒಂದು ಕಲಮು ಇರುತ್ತದೆ. ಕಿರಾಯಿ ಎಷ್ಟು, ಡಿಪಾಜಿಟ್ ಎಷ್ಟು, ಕರೆಂಟ್ ಬಿಲ್ಲು ಯಾರ ಪಾಲಿನದು ಎಂಬುದನ್ನು ಮಾಲಕನೂ ಕಿರಾಯಿದಾರನೂ ಎರಡೆರಡು ಸಲ ಓದಿಸಿ ಕೇಳುತ್ತಾರೆ. ಅನಂತರದ ಕಲಮುಗಳು ಟೈಪಿಂಗ್ ಅಂಗಡಿಯವನ ಕಂಪ್ಯೂಟರಿನಲ್ಲಿ ಮೊದಲೇ ಕುಳಿತಿರುತ್ತವೆ. ಹೆಸರು, ಊರು, ಮೊತ್ತ ಬದಲಾಗುತ್ತವೆ, ಅವು ಮಾತ್ರ ಇದ್ದಂತೆಯೇ ಇರುತ್ತವೆ. ನನ್ನ ಖಾಲಾನ ಮಗನ ಕರಾರು ಪತ್ರದಲ್ಲಿ ಅಂಥದ್ದೊಂದು ಹದಿನಾಲ್ಕನೇ ಕಲಮಾಗಿ ಕುಳಿತಿತ್ತು. ಅದು ಹೀಗಿತ್ತು:

"ಅತಿವೃಷ್ಟಿ, ಬೆಂಕಿ, ಭೂಕಂಪ, ಗಲಭೆ, ಯುದ್ಧ, ಸರಕಾರದ ಆದೇಶ ಇತ್ಯಾದಿ ಫೋರ್ಸ್ ಮಜೂರ್ ಕಾರಣಗಳಿಂದ ಯಾವುದೇ ಪಕ್ಷಗಾರರಿಗೆ ತಮ್ಮ ಕರ್ತವ್ಯ ನೆರವೇರಿಸುವುದು ಅಸಾಧ್ಯವಾದಲ್ಲಿ ಅದನ್ನು ಕರಾರಿನ ಉಲ್ಲಂಘನೆ ಎಂದು ಪರಿಗಣಿಸತಕ್ಕದ್ದಲ್ಲ."

ತಮ್ಮ ಹಳ್ಳಿಖೇಡ (ಬಿ)ಯಲ್ಲಿ ದರ್ಜಿ. ನಮ್ಮೂರಿನ ಹೆಸರಿನ ಕೊನೆಗಿರುವ 'ಬಿ' ಎಂದರೆ ಬುಜುರ್ಗ್, ದೊಡ್ಡದು. ಹೆಸರಿಗೆ ದೊಡ್ಡದಾದರೂ ದೊಡ್ಡ ಪೇಟೆಯೇನಲ್ಲ. ಅವನ ವರ್ಷದ ದುಡಿಮೆಯಲ್ಲಿ ಅರ್ಧಕ್ಕಿಂತ ಹೆಚ್ಚು ಬರುವುದು ಮೇ ಮತ್ತು ಜೂನ್ ತಿಂಗಳ ಶಾಲಾ ಯುನಿಫಾರ್ಮಿನಿಂದ. ಎರಡು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಪೆಟ್ಟಿಗೆ, ಮೇಲೆ ಪತ್ರಾ ಹೊದಿಸಿದ ಹತ್ತು ಅಡಿ ಅಗಲದ ಅಂಗಡಿ. ತಿಂಗಳಿಗೆ ನಾಲ್ಕು ಸಾವಿರ ರೂಪಾಯಿ ಕಿರಾಯಿ, ಐವತ್ತು ಸಾವಿರ ಡಿಪಾಜಿಟ್, ಮೂವತ್ತಾರು ತಿಂಗಳ ಕರಾರು. ಮಾಲಕರು ನಿವೃತ್ತ ಮಾಸ್ತರರು. 2019ರಲ್ಲಿ ಹುಮನಾಬಾದಿನಲ್ಲಿ ಬಾಂಡ್ ಪೇಪರಿನ ಮೇಲೆ ಟೈಪು ಮಾಡಿಸಿ, ನೋಟರಿಯ ಮೊಹರು ಹಾಕಿಸಿಕೊಂಡು ಬಂದಿದ್ದರು. ತಮ್ಮ ಓದಿದ್ದು ಉರ್ದು ಶಾಲೆಯಲ್ಲಿ ಏಳನೆಯವರೆಗೆ. ಕನ್ನಡ ಕೂಡಿಸಿಕೊಂಡು ಓದುತ್ತಾನೆ, ಬರೆಯಲು ಹಿಂಜರಿಯುತ್ತಾನೆ.

2020ರ ಮಾರ್ಚ್ 25ಕ್ಕೆ ದೇಶವೆಲ್ಲ ಬಾಗಿಲು ಹಾಕಿತು. ಮಾರ್ಚಿನ ಕಿರಾಯಿಯನ್ನು ಅವನು ಕೂಡಿಟ್ಟ ಹಣದಿಂದ ಕೊಟ್ಟ. ಏಪ್ರಿಲಿನದನ್ನು ಮೇ 5ರೊಳಗೆ ಕೊಡಬೇಕಿತ್ತು. ದಿನಸಿಗೆ ಬಿಡುವು ಕೊಟ್ಟಿದ್ದ ಒಂದು ಬೆಳಗಿನ ಹೊತ್ತು ಕರಾರು ಪತ್ರ ಹಿಡಿದು ನನ್ನಲ್ಲಿಗೆ ಬಂದ. ಹದಿನಾಲ್ಕನೇ ಕಲಮಿನ ಮೇಲೆ ಬೆರಳಿಟ್ಟು, "ಭಾಯಿಜಾನ್, ಇದರಾಗ ಮಜೂರರ ಮಾತು ಯಾಕ ಬಂತು? ಜಬರದಸ್ತಿಯಿಂದ ಮಜೂರಿ ಮಾಡಸ್ಕೊತಾರೇನು?" ಎಂದು ಕೇಳಿದ.

ಅವನ ತಪ್ಪಲ್ಲ. 'ಫೋರ್ಸ್' ಎಂದರೆ ಜಬರದಸ್ತಿ ಎಂದು ಅವನಿಗೆ ಗೊತ್ತು. 'ಮಜೂರ್' ಎಂದರೆ ಕೂಲಿಯವನು ಎಂದು ನಮ್ಮ ಭಾಗದಲ್ಲಿ ಕನ್ನಡದವರೂ ಉರ್ದುವಿನವರೂ ಬಲ್ಲರು. ಆದರೆ ಇದು ಫ್ರೆಂಚ್ ಮಾತು. ಮನುಷ್ಯನ ಕೈಮೀರಿದ, ಮೇಲುಗೈಯಾದ ಬಲ ಎಂದು ಅರ್ಥ. ಹಾಗೆಂದು ಹೇಳಿದೆ. ಅವನಿಗೆ ಅರ್ಧ ತಿಳಿಯಿತು. ಆಗ ನನಗೆ ನೆನಪಾದದ್ದು ನಮ್ಮ ಹಿರಿಯರ ಬಾಯಲ್ಲಿದ್ದ ಮಾತು: ಆಸ್ಮಾನಿ, ಸುಲ್ತಾನಿ. ಅದನ್ನು ಹೇಳಿದ ಕೂಡಲೇ ಉಳಿದರ್ಧವೂ ತಿಳಿಯಿತು.

ದಖ್ಖನ್ನಿನ ಕಂದಾಯದ ಲೆಕ್ಕಗಳಲ್ಲಿ ಈ ಜೋಡಿ ಪದ ಹಳೆಯದು. ಮಳೆ ಕೈಕೊಟ್ಟರೆ, ಆಲಿಕಲ್ಲು ಬಿದ್ದರೆ, ಮಿಡತೆ ಎರಗಿದರೆ ಅದು ಆಸ್ಮಾನಿ, ಅಂದರೆ ಆಕಾಶದಿಂದ ಬಂದದ್ದು. ದಂಡು ಹಾದುಹೋಗಿ ಬೆಳೆ ತುಳಿದರೆ, ದೊರೆಯ ಹುಕುಮಿನಿಂದ ಊರು ಖಾಲಿಯಾದರೆ ಅದು ಸುಲ್ತಾನಿ. ಇವೆರಡರಲ್ಲಿ ಯಾವುದು ಬಂದರೂ ರೈತ ತೆರಿಗೆಯಲ್ಲಿ ರಿಯಾಯಿತಿ ಕೇಳುತ್ತಿದ್ದ. 1948ರವರೆಗೆ ಬೀದರ ನಿಜಾಮರ ರಾಜ್ಯದಲ್ಲಿದ್ದು, ಕಚೇರಿಯ ಭಾಷೆ ಉರ್ದು ಆಗಿದ್ದರಿಂದ, 'ಅರ್ಜೀ ವ ಸಮಾವೀ ಆಫತ್', ನೆಲದ ಮತ್ತು ಮುಗಿಲಿನ ಆಪತ್ತು ಎಂಬ ಮಾತೂ ಕಾಗದಪತ್ರ ಬಲ್ಲವರಿಗೆ ಹೊಸದಲ್ಲ. ಹದಿನಾಲ್ಕನೇ ಕಲಮಿನ ಪಟ್ಟಿಯನ್ನೇ ನೋಡಿ. ಅತಿವೃಷ್ಟಿ, ಭೂಕಂಪ ಆಸ್ಮಾನಿ. ಯುದ್ಧ, ಸರಕಾರದ ಆದೇಶ ಸುಲ್ತಾನಿ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಪಕ್ಕದ ಲಾತೂರ ಜಿಲ್ಲೆಯ ಕಿಲ್ಲಾರಿಯಲ್ಲಿ ಏನಾಯಿತೆಂದು ಬಲ್ಲ ನಮ್ಮ ಕಡೆಯವರಿಗೆ 'ಭೂಕಂಪ' ಎಂಬುದು ಬರೀ ಕಾಗದದ ಮಾತಲ್ಲ.

ಸುಲ್ತಾನನ ಹುಕುಮಿನಿಂದ ಅಂಗಡಿ ಮುಚ್ಚಿದೆ, ಕಲಮಿನಲ್ಲಿ ಸರಕಾರದ ಆದೇಶ ಎಂದು ಬರೆದಿದೆ, ಆದ್ದರಿಂದ ಕಿರಾಯಿ ಮಾಫ್. ತಮ್ಮ ಹೀಗೆ ಲೆಕ್ಕ ಹಾಕಿದ. ಮೊಬೈಲಿನಲ್ಲಿ ಬಂದ ಸಂದೇಶವೊಂದನ್ನೂ ತೋರಿಸಿದ: ಒಂದು ತಿಂಗಳ ಬಾಡಿಗೆ ಕೇಳಕೂಡದೆಂದು ಕೇಂದ್ರ ಸರಕಾರ ಹೇಳಿದೆ ಎಂದು. ಆ ಆದೇಶ ನಿಜ. 2020ರ ಮಾರ್ಚ್ 29ರಂದು ಗೃಹ ಸಚಿವಾಲಯ ಹೊರಡಿಸಿದ್ದು. ಆದರೆ ಅದು ವಲಸೆ ಬಂದವರೂ ಸೇರಿದಂತೆ ಕಾರ್ಮಿಕರು ವಾಸಕ್ಕೆಂದು ಹಿಡಿದ ಮನೆ, ಕೋಣೆಗಳಿಗೆ ಸಂಬಂಧಿಸಿದ್ದು. ಅಂಗಡಿಗೆ ಅನ್ವಯಿಸುವ ಮಾತು ಅದರಲ್ಲಿರಲಿಲ್ಲ. ಸಂದೇಶ ಕಳಿಸಿದವರು ಆ ಸಾಲನ್ನು ಕತ್ತರಿಸಿದ್ದರು.

ಇನ್ನು ಕಲಮು. ಅದನ್ನು ನಿಧಾನವಾಗಿ ಓದಿದರೆ ಅದರಲ್ಲಿ ಎರಡು ಬಾಗಿಲುಗಳಿವೆ, ಎರಡೂ ಇಕ್ಕಟ್ಟಿನವು. ಮೊದಲನೆಯದು 'ಕರ್ತವ್ಯ ನೆರವೇರಿಸುವುದು ಅಸಾಧ್ಯ' ಎಂಬ ಮಾತು. ಕಿರಾಯಿ ಕರಾರಿನಲ್ಲಿ ತಮ್ಮನ ಕರ್ತವ್ಯ ಯಾವುದು? ಕಿರಾಯಿ ಕೊಡುವುದು. ಅಂಗಡಿ ತೆರೆದು ಬಟ್ಟೆ ಹೊಲಿಯುವುದು ಅವನ ಹೊಟ್ಟೆಪಾಡು, ಮಾಸ್ತರರಿಗೆ ಅವನು ಕೊಟ್ಟ ಮಾತಲ್ಲ. ಸರಕಾರದ ಆದೇಶ ಅವನ ಹೊಲಿಗೆಯನ್ನು ನಿಲ್ಲಿಸಿತು, ಹಣ ಕೊಡುವುದನ್ನು ನಿಲ್ಲಿಸಲಿಲ್ಲ. ಹಣ ಇಲ್ಲದಿರುವುದು ಕಷ್ಟ, ಆದರೆ ಕಾನೂನು ಅದನ್ನು ಅಸಾಧ್ಯ ಎನ್ನುವುದಿಲ್ಲ. ಇನ್ನು ಮಾಸ್ತರರ ಕರ್ತವ್ಯ ಅಂಗಡಿಯನ್ನು ಅವನ ವಶದಲ್ಲಿ ಬಿಡುವುದು. ಅವರು ಬಿಟ್ಟೇ ಇದ್ದರು. ಬೀಗ ಹಾಕಿಸಿದ್ದು ಸರಕಾರ, ಮಾಸ್ತರರಲ್ಲ.

ಎರಡನೆಯದು 'ಉಲ್ಲಂಘನೆ ಎಂದು ಪರಿಗಣಿಸತಕ್ಕದ್ದಲ್ಲ' ಎಂಬ ಮಾತು. ಉಲ್ಲಂಘನೆ ಅಲ್ಲ ಎಂದರೆ ಬಾಕಿ ಅಲ್ಲ ಎಂದಲ್ಲ. ಅದೇ ಪತ್ರದ ಒಂಬತ್ತನೇ ಕಲಮಿನಲ್ಲಿ, ಸತತ ಎರಡು ತಿಂಗಳು ಕಿರಾಯಿ ಕೊಡದಿದ್ದರೆ ಅಂಗಡಿ ಖಾಲಿ ಮಾಡಿಸಬಹುದು ಎಂದಿತ್ತು. ಮೊದಲ ಬಾಗಿಲನ್ನು ದಾಟಿದನೆಂದೇ ಇಟ್ಟುಕೊಂಡರೂ ಹದಿನಾಲ್ಕನೆಯದು ಅವನನ್ನು ಒಂಬತ್ತನೆಯದರಿಂದ ಕಾಯುತ್ತಿತ್ತು, ಅಷ್ಟೇ. ತಡವಾದದ್ದಕ್ಕೆ ಹೊರಗೆ ಹಾಕುವಂತಿಲ್ಲ, ಆದರೆ ಹಣ ಕೊಡಲೇಬೇಕು. ಮಾಫಿಯ ಮಾತು ಅದರಲ್ಲಿ ಎಲ್ಲಿಯೂ ಇರಲಿಲ್ಲ.

ಕರಾರು ಬಿಟ್ಟು ಕಾನೂನಿನ ಕಡೆ ಹೋದರೂ ದಾರಿ ಅಗಲವಾಗುವುದಿಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮಿನಲ್ಲಿ ಕಿರಾಯಿದಾರನಿಗೆ ಒಂದು ಹಕ್ಕಿದೆ. ಬೆಂಕಿ, ಬಿರುಗಾಳಿ, ಪ್ರವಾಹ, ಸೈನ್ಯದ ಅಥವಾ ಗುಂಪಿನ ಹಿಂಸೆ, ಇಲ್ಲವೆ ತಡೆಯಲಾಗದ ಬೇರೆ ಬಲದಿಂದ ಸ್ವತ್ತಿನ ಮುಖ್ಯ ಭಾಗ ನಾಶವಾದರೆ, ಅಥವಾ ಯಾವ ಕೆಲಸಕ್ಕೆ ಹಿಡಿದಿದ್ದನೋ ಅದಕ್ಕೆ ಕಾಯಮ್ಮಾಗಿ ಬಾರದಂತಾದರೆ, ಕಿರಾಯಿದಾರ ಬಯಸಿದಲ್ಲಿ ಕರಾರು ರದ್ದಾಗುತ್ತದೆ. ಇಲ್ಲಿ 'ಕಾಯಮ್ಮಾಗಿ' ಮತ್ತು 'ರದ್ದು' ಎಂಬ ಎರಡು ಮಾತು ಮುಖ್ಯ. ಗೋಡೆ ಕುಸಿದ ಅಂಗಡಿಗೆ ಇದು ಸಲ್ಲುತ್ತದೆ, ಎರಡು ತಿಂಗಳು ಮುಚ್ಚಿದ ಅಂಗಡಿಗೆ ಸಲ್ಲುವುದಿಲ್ಲ. ಸಂದರೂ ಸಿಗುವುದು ಬಿಟ್ಟುಹೋಗುವ ಹಕ್ಕು, ಕಿರಾಯಿ ಕೊಡದೆ ಕುಳಿತಿರುವ ಹಕ್ಕಲ್ಲ.

ಇದೇ ಪ್ರಶ್ನೆ ದೆಹಲಿಯ ಖಾನ್ ಮಾರ್ಕೆಟ್ಟಿನ ಅಂಗಡಿಯೊಂದರ ವಿಷಯದಲ್ಲಿ ದೆಹಲಿ ಹೈಕೋರ್ಟಿಗೆ ಹೋಗಿತ್ತು. 2020ರ ಮೇ 21ರಂದು ತೀರ್ಪು ಬಂತು. ಕರಾರಿನಲ್ಲಿ ಇಂಥ ಕಲಮು ಇದ್ದರೆ ಅದರ ಮಾತನ್ನೇ ನೋಡಬೇಕು. ಇಲ್ಲದಿದ್ದರೆ, ಅಂಗಡಿಯನ್ನು ಉಳಿಸಿಕೊಳ್ಳಬಯಸುವ ಕಿರಾಯಿದಾರ ಲಾಕ್‌ಡೌನ್ ಹೆಸರಿನಲ್ಲಿ ಕಿರಾಯಿಯನ್ನು ಅಮಾನತಿನಲ್ಲಿಡಲು ಬರುವುದಿಲ್ಲ ಎಂದು ನ್ಯಾಯಾಲಯ ಹೇಳಿತು. ಕೊಟ್ಟದ್ದು ಕಟ್ಟುವ ಗಡುವಿನಲ್ಲಿ ಸ್ವಲ್ಪ ಸಡಿಲಿಕೆ ಮಾತ್ರ.

ಆ ತೀರ್ಪು ಒರಗಿಕೊಂಡಿದ್ದ ಹಳೆಯ ತೀರ್ಪೊಂದಿದೆ. ಅದನ್ನು ಓದಿದಾಗ ಕಥೆಗಾರನಾದ ನನಗೆ ಬಹಳ ಹೊತ್ತು ಬೇರೆ ಕೆಲಸ ಮಾಡಲಾಗಲಿಲ್ಲ. ಒಬ್ಬ ರಾಜಾ ಇನ್ನೊಬ್ಬ ರಾಜಾನ ಜಮೀನನ್ನು ಪಂಜಾಬಿನಲ್ಲಿ ಬೇಸಾಯಕ್ಕೆ ಗುತ್ತಿಗೆ ಹಿಡಿದಿದ್ದರು. 1947 ಬಂತು. ದಂಗೆಯೆದ್ದಿತು, ನೆಲ ಗಡಿಯಾಚೆ ಪಾಕಿಸ್ತಾನಕ್ಕೆ ಸೇರಿತು, ಗುತ್ತಿಗೆದಾರರು ಈಚೆ ಬಂದರು. ಉಳಲಾಗದ ನೆಲಕ್ಕೆ ಕೊಟ್ಟ ಗುತ್ತಿಗೆ ಹಣವನ್ನು ಮರಳಿ ಕೇಳಿದರು. ಇದಕ್ಕಿಂತ ದೊಡ್ಡ ಸುಲ್ತಾನಿ ಯಾವುದಿದೆ? ಆದರೂ 1968ರಲ್ಲಿ ಸುಪ್ರೀಂ ಕೋರ್ಟು ಕೊಡಿಸಲಿಲ್ಲ. ಅದರ ತರ್ಕ ಇಷ್ಟು: ಮುಂದೆ ಮಾಡಬೇಕಾದ ಕೆಲಸದ ಕರಾರು ಬೇರೆ, ಭೂಮಿಯ ಮೇಲಿನ ಹಕ್ಕನ್ನು ಕೊಟ್ಟು ಮುಗಿಸಿದ ಗುತ್ತಿಗೆ ಬೇರೆ. ವಶಕ್ಕೆ ಕೊಟ್ಟ ಕ್ಷಣವೇ ಮಾಲಕನ ಮಾತು ನೆರವೇರಿತು. ಅನಂತರ ಆ ನೆಲದಲ್ಲಿ ಬೆಳೆ ಬಂತೋ ಬರಲಿಲ್ಲವೋ ಎಂಬುದಕ್ಕೆ ಮಾಲಕ ಭರವಸೆ ಕೊಟ್ಟಿರಲಿಲ್ಲ. ದೇಶ ಎರಡಾದದ್ದೇ ಸಾಲದಿದ್ದರೆ, ಎರಡು ತಿಂಗಳ ಶಟರ್ ಎಷ್ಟರದು?

ಇದನ್ನೆಲ್ಲ ನಾನು ಒಂದೇ ದಿನ ತಿಳಿದವನಲ್ಲ. ಆ ಬೆಳಿಗ್ಗೆ ನನ್ನ ಮುಂದಿದ್ದದ್ದು ಕಲಮಿನ ಮಾತು, ಮತ್ತು ಹುಮನಾಬಾದಿನ ಒಬ್ಬ ವಕೀಲರು ಫೋನಿನಲ್ಲಿ ಹೇಳಿದ ಎರಡು ಸಂಗತಿ. "ಕಿರಾಯಿ ಕೊಡೂದಿಲ್ಲ ಅಂತ ಬರೀಬ್ಯಾಡ್ರಿ, ಕೊಡಾಕ ಆಗೂದಿಲ್ಲ ಅಂತನೂ ಬರೀಬ್ಯಾಡ್ರಿ. ಮೊದಲನೇದು ಜಗಳ, ಎರಡನೇದು ಕಬೂಲಿ" ಎಂದಿದ್ದರು. ಹಾಗಾದರೆ ಉಳಿದದ್ದು ಒಂದೇ, ಕೇಳುವುದು. ಈ ಕಲಮನ್ನು ನೀವು ಏನೆಂದು ತಿಳಿದಿದ್ದೀರಿ ಎಂದು ಮಾಲಕರನ್ನೇ ಕೇಳುವುದು. ಕಿರಾಯಿ ಬಾಕಿ ಬೀಳುವ ಮೊದಲೇ, ಬರವಣಿಗೆಯಲ್ಲಿ.

ತಮ್ಮ ದಖನಿಯಲ್ಲಿ ಹೇಳಿದ, ನಾನು ಕನ್ನಡದಲ್ಲಿ ಬರೆದೆ. ಹೆಸರುಗಳನ್ನು ಬಿಟ್ಟು ಪತ್ರವನ್ನು ಇಲ್ಲಿ ಕೊಡುತ್ತೇನೆ.

"ಹಳ್ಳಿಖೇಡ (ಬಿ), 2-5-2020.

ಪೂಜ್ಯ ಗುರುಗಳಿಗೆ, ನಿಮ್ಮ ಅಂಗಡಿಯ ಕಿರಾಯಿದಾರನ ನಮಸ್ಕಾರಗಳು. ತಾವೂ ಅಮ್ಮನವರೂ ಆರೋಗ್ಯವೆಂದು ನಂಬಿದ್ದೇನೆ.

ಮಾರ್ಚ್ 25ರಿಂದ ಸರಕಾರದ ಆದೇಶದಂತೆ ಅಂಗಡಿ ಮುಚ್ಚಿದೆ. ಮಾರ್ಚಿನವರೆಗಿನ ಕಿರಾಯಿ ತಮಗೆ ಮುಟ್ಟಿದೆ. ನಮ್ಮ ಕರಾರು ಪತ್ರದ ಹದಿನಾಲ್ಕನೇ ಕಲಮಿನಲ್ಲಿ ಫೋರ್ಸ್ ಮಜೂರ್ ಎಂದು ಬರೆದಿದೆ. ಸಹಿ ಮಾಡುವಾಗ ಅದರ ಅರ್ಥವನ್ನು ನಾವು ಇಬ್ಬರೂ ಮಾತಾಡಿಕೊಂಡಿರಲಿಲ್ಲ. ಆದ್ದರಿಂದ ಕೆಳಗಿನ ಸಂಗತಿಗಳನ್ನು ತಮ್ಮಿಂದ ತಿಳಿಯಬಯಸುತ್ತೇನೆ.

ಒಂದು, ಈಗಿನ ಈ ಬಂದ್ ಆ ಕಲಮಿನಲ್ಲಿ ಬರುತ್ತದೆ ಎಂದು ತಾವು ಒಪ್ಪುತ್ತೀರಾ?

ಎರಡು, ಬರುತ್ತದೆ ಎಂದಾದರೆ ಅಂಗಡಿ ಮುಚ್ಚಿದ ದಿನಗಳ ಕಿರಾಯಿ ಇಲ್ಲವೆಂದೋ, ಕಡಿಮೆಯೆಂದೋ, ತಡವಾಗಿ ಕೊಡಬಹುದೆಂದೋ? ಮೂರರಲ್ಲಿ ಯಾವುದು?

ಮೂರು, ತಡವಾಗಿ ಎಂದಾದರೆ ಎಷ್ಟು ಕಂತಿನಲ್ಲಿ, ಯಾವ ತಿಂಗಳಿನಿಂದ? ಆ ತನಕ ಒಂಬತ್ತನೇ ಕಲಮು ನನಗೆ ಹತ್ತುವುದಿಲ್ಲ ಎಂದು ನಂಬಬಹುದೇ?

ನಾಲ್ಕು, ಇದು ಬಹಳ ತಿಂಗಳು ನಡೆದು ನಾನು ಅಂಗಡಿ ಬಿಡಬೇಕಾಗಿ ಬಂದರೆ ಡಿಪಾಜಿಟ್ ಯಾವಾಗ ಮರಳಿ ಬರುತ್ತದೆ?

ಐದು, ಮಳೆಗಾಲದ ಮೊದಲು ಪತ್ರಾ ಬದಲಿಸಿ ಕೊಡುವುದಾಗಿ ಹನ್ನೊಂದನೇ ಕಲಮಿನಲ್ಲಿದೆ. ಅದಕ್ಕೂ ಈ ಕಲಮು ಅನ್ವಯಿಸುತ್ತದೆಯೇ?

ತಾವು ನಾಲ್ಕು ಸಾಲು ಬರೆದು ಕೊಟ್ಟರೆ ಅದರಂತೆ ನಡೆಯುತ್ತೇನೆ. ಈ ಪತ್ರ ಕಿರಾಯಿ ತಪ್ಪಿಸಲು ಅಲ್ಲ, ತಿಳಿದುಕೊಳ್ಳಲು."

ಎರಡು ಪ್ರತಿ ಮಾಡಿದೆವು. ತಮ್ಮ ಒಂದನ್ನು ಮಾಸ್ತರರ ಕೈಗೆ ಕೊಟ್ಟು, ಇನ್ನೊಂದರ ಮೇಲೆ 'ಮುಟ್ಟಿದೆ' ಎಂದು ತಾರೀಕು ಸಹಿತ ರುಜು ಹಾಕಿಸಿಕೊಂಡ. ಗುರುವಿನ ಹತ್ತಿರ ರುಜು ಕೇಳಲು ಅವನಿಗೆ ನಾಚಿಕೆಯಾಗಿತ್ತಂತೆ. ಮಾಸ್ತರರೇ ನಕ್ಕು, "ಹಾಜರಿ ಹಾಕಿದ ಕೈ ಇದು, ಒಂದು ಸಹಿ ಭಾರ ಆಗೂದಿಲ್ಲ, ತಾ" ಎಂದರಂತೆ.

ಐದನೆಯ ಪ್ರಶ್ನೆಯನ್ನು ನಾವು ಅಂಜುತ್ತಲೇ ಬರೆದಿದ್ದೆವು. ಆದರೆ ಆ ಕಲಮು ನಿಜಕ್ಕೂ ಕೆಲಸಕ್ಕೆ ಬಂದದ್ದು ಅಲ್ಲಿಯೇ, ಅದೂ ಮಾಲಕರ ಪಾಲಿಗೆ. ಪತ್ರಾ ಬದಲಿಸುವುದು ಅವರ ಕರ್ತವ್ಯ. ಬಂದ್‌ನಲ್ಲಿ ಪತ್ರಾದ ಅಂಗಡಿ ತೆರೆದಿಲ್ಲ, ಏರಿ ಕೂರಿಸುವ ಮಜೂರರು ಸಿಗುವುದಿಲ್ಲ. ಇದು ಕಷ್ಟದ ಮಾತಲ್ಲ, ಆಗದ ಮಾತು. ಹಣ ಇದ್ದರೂ ಆಗದು. ಹದಿನಾಲ್ಕನೇ ಕಲಮು ಬಯಸುವ ಅಸಾಧ್ಯ ಇಂಥದ್ದು. ಕಿರಾಯಿದಾರರು ಈ ಕಲಮನ್ನು ತಮ್ಮ ಗುರಾಣಿ ಎಂದು ತಿಳಿದಿರುತ್ತಾರೆ. ಬರೆದ ರೀತಿಯಿಂದಾಗಿ ಅದು ಹೆಚ್ಚಿನ ಸಲ ಮಾಲಕನನ್ನು ಕಾಯುತ್ತದೆ, ಏಕೆಂದರೆ ದುರಸ್ತಿಯಂಥ ಕೈಕೆಲಸದ ಕರ್ತವ್ಯ ಅವನದು, ಹಣದ ಕರ್ತವ್ಯ ಕಿರಾಯಿದಾರನದು.

ಮಾಸ್ತರರ ಉತ್ತರ ಮೂರನೆಯ ದಿನ ಬಂತು. ನಾಲ್ಕು ಸಾಲು ಕೇಳಿದ್ದಕ್ಕೆ ಒಂದು ಪುಟ ಬರೆದಿದ್ದರು, ಕಪ್ಪು ಹಲಗೆಯ ಮೇಲೆ ಬರೆದಂಥ ದುಂಡಗಿನ ಅಕ್ಷರ. ಸಾರಾಂಶ ಹೀಗಿತ್ತು. ಆ ಕಲಮಿನ ಅರ್ಥ ತಮಗೂ ಗೊತ್ತಿಲ್ಲ, ಟೈಪು ಮಾಡಿದವನಿಗೂ ಗೊತ್ತಿರಲಿಕ್ಕಿಲ್ಲ. ಏಪ್ರಿಲ್ ಪೂರ್ತಿ ಅಂಗಡಿ ಮುಚ್ಚಿತ್ತು, ಆ ತಿಂಗಳ ನಾಲ್ಕು ಸಾವಿರ ಬಿಟ್ಟಿದ್ದೇನೆ. ಮೇ ತಿಂಗಳದ್ದನ್ನು ಆಗಸ್ಟಿನಿಂದ ತಿಂಗಳಿಗೆ ಒಂದೊಂದು ಸಾವಿರದಂತೆ ನಾಲ್ಕು ಕಂತಿನಲ್ಲಿ ಕಿರಾಯಿಯ ಜೊತೆ ಕೊಡುವುದು. ಅಂಗಡಿ ತೆರೆದ ಮೇಲೆ ಜೂನಿನಿಂದ ಪೂರ್ತಿ ಕಿರಾಯಿ. ಪತ್ರಾ ಕೂರಿಸುವುದು ಜನ ಸಿಕ್ಕ ಮೇಲೆ. ಅಂಗಡಿ ಬಿಟ್ಟರೆ ಒಂದು ತಿಂಗಳೊಳಗೆ ಡಿಪಾಜಿಟ್. ಕೆಳಗೆ ತಾರೀಕು, ರುಜು.

ಮೇ ಕೊನೆಗೆ ಶಟರ್ ಎದ್ದಿತು. ಆದರೆ ಶಾಲೆ ತೆರೆಯಲಿಲ್ಲ. ಯುನಿಫಾರ್ಮಿನ ಬಟ್ಟೆ ತರುವವರಿಲ್ಲ. ತಮ್ಮ ಮಾಸ್ಕು ಹೊಲಿದ, ಹಳೆಯ ಬಟ್ಟೆಗೆ ಚೈನು ಹಾಕಿದ. ರಾಜ್ಯದಲ್ಲಿ ಒಂದರಿಂದ ಐದನೆಯ ತರಗತಿಗಳು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಯುನಿಫಾರ್ಮಿನ ಎರಡು ಹಂಗಾಮು ಅವನ ಕೈತಪ್ಪಿದವು. ಆ ಜುಲೈಯಲ್ಲಿ ಅವನು ಮಾಸ್ತರರ ಹತ್ತಿರ ಮತ್ತೊಮ್ಮೆ ಹೋಗಿದ್ದ. ಅವರು ಹೇಳಿದ್ದು: "ಬಾಗಿಲಾ ಮುಚ್ಚಿಸಿದ್ದು ಮ್ಯಾಲಿನವರು, ಅದರಾಗ ಅರ್ಧ ನನ್ನ ಪಾಲು. ಗಿರಾಕಿ ಬರದಿದ್ದದ್ದು ಬಾಜಾರದ ಮಾತು, ಅದು ನಿನ್ನ ಪಾಲು. ನನ್ನ ಪಿಂಚಣಿಯೊಳಗ ಅದನ್ನೂ ಹೊರಾಕ ಆಗೂದಿಲ್ಲಪಾ."

ಕಠಿಣವಾಗಿ ಕೇಳಿಸುತ್ತದೆ. ಆದರೆ ಮಾಸ್ತರರು ಅಂಗಳದಲ್ಲಿ ಕುಳಿತು ಹೇಳಿದ್ದನ್ನೇ ಸುಪ್ರೀಂ ಕೋರ್ಟು 2017ರಲ್ಲಿ ವಿದ್ಯುತ್ ಕಂಪನಿಗಳಿಗೆ ಹೇಳಿತ್ತು. ಇಂಡೋನೇಷ್ಯಾದ ಕಲ್ಲಿದ್ದಲಿನ ಬೆಲೆ ಏರಿ ಕಂಪನಿಗಳು ಫೋರ್ಸ್ ಮಜೂರ್ ಎಂದಾಗ, ಒಪ್ಪಿಕೊಂಡ ಕೆಲಸ ದುಬಾರಿಯಾದ ಮಾತ್ರಕ್ಕೆ ಕರಾರಿನಿಂದ ಬಿಡುಗಡೆಯಿಲ್ಲ ಎಂದು ನ್ಯಾಯಾಲಯ ಹೇಳಿತು. ಆಸ್ಮಾನಿಯೂ ಅಲ್ಲದ, ಸುಲ್ತಾನಿಯೂ ಅಲ್ಲದ ಈ ಮೂರನೆಯದನ್ನು 'ಬಾಜಾರಿ' ಎನ್ನೋಣ. ಬಡ ಕಿರಾಯಿದಾರನನ್ನು ಹೆಚ್ಚಾಗಿ ಮುಳುಗಿಸುವುದು ಇದೇ, ಮತ್ತು ಯಾವ ಕಲಮೂ ಇದನ್ನು ತಡೆಯುವುದಿಲ್ಲ. ತಮ್ಮ ಜೂನಿನಿಂದ ಕಿರಾಯಿ ಕೊಟ್ಟ. ಕೊಡಲು ಒಂದು ಯಂತ್ರ ಮಾರಿದ.

2021ರ ಮೇ ತಿಂಗಳಲ್ಲಿ, ಎರಡನೆಯ ಅಲೆಯಲ್ಲಿ, ಮಾಸ್ತರರು ತೀರಿಕೊಂಡರು. ಮಗ ಪುಣೆಯಲ್ಲಿ ನೌಕರಿಯಲ್ಲಿದ್ದವರು. ಮರುವರ್ಷ ಕರಾರಿನ ಮೂವತ್ತಾರು ತಿಂಗಳು ಮುಗಿಯುವ ಹೊತ್ತಿಗೆ ಊರಿಗೆ ಬಂದು, ತಂದೆಯ ಲೆಕ್ಕದ ವಹಿ ತೆಗೆದರು. 2020ರ ಏಪ್ರಿಲ್ ಎದುರಿಗೆ ಜಮೆಯಿಲ್ಲ. ಮೇ ಎದುರಿಗೂ ಇಲ್ಲ. ಎಂಟು ಸಾವಿರವನ್ನು ಡಿಪಾಜಿಟ್ಟಿನಲ್ಲಿ ಮುರಿದುಕೊಳ್ಳುವುದಾಗಿ ಹೇಳಿದರು. ಅವರದೂ ಸುಳ್ಳಲ್ಲ, ವಹಿಯಲ್ಲಿ ಇದ್ದದ್ದನ್ನೇ ಓದಿದರು. ತಮ್ಮ ಟ್ರಂಕಿನಿಂದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಪುಟ ತಂದು ಕೊಟ್ಟ. ಅವರು ಓದಲಿಲ್ಲ, ಮೊದಲು ಅಕ್ಷರವನ್ನೇ ನೋಡುತ್ತ ಕುಳಿತರು. ಅನಂತರ ವಹಿಯ ಆಗಸ್ಟಿನಿಂದ ನವೆಂಬರಿನವರೆಗಿನ ಸಾಲು ನೋಡಿದರು. ನಾಲ್ಕೂ ತಿಂಗಳು ಐದೈದು ಸಾವಿರ ಜಮೆಯಾಗಿತ್ತು. ಮೇ ತಿಂಗಳ ಲೆಕ್ಕ ಅಲ್ಲಿ ಸಿಕ್ಕಿತು, ಏಪ್ರಿಲಿನದು ಪತ್ರದಲ್ಲಿ ಸಿಕ್ಕಿತು. ಐವತ್ತು ಸಾವಿರ ಹಾಗೆಯೇ ಉಳಿಯಿತು.

ಆಗ ವಕೀಲರು ಹೇಳಿದ ಮಾತು ನಮಗಿಬ್ಬರಿಗೂ ಹೊಸದು. ಈ ಜಗಳ ಕೋರ್ಟಿಗೆ ಹೋಗಿದ್ದರೆ ಹದಿನಾಲ್ಕನೇ ಕಲಮನ್ನು ಅಲ್ಲಿ ಯಾರೂ ಓದುತ್ತಲೇ ಇರಲಿಲ್ಲವಂತೆ. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಕಿರಾಯಿ ಕರಾರು ಉಪನೋಂದಣಿ ಕಚೇರಿಯಲ್ಲಿ ರಜಿಸ್ಟರ್ ಆಗಲೇಬೇಕು. ನೋಟರಿಯ ಮೊಹರು ರಜಿಸ್ಟ್ರಿ ಅಲ್ಲ. ರಜಿಸ್ಟರ್ ಆಗದ ಮೂವತ್ತಾರು ತಿಂಗಳ ಪತ್ರದ ಶರತ್ತುಗಳನ್ನು ನ್ಯಾಯಾಲಯ ಸಾಕ್ಷ್ಯವಾಗಿ ತೆಗೆದುಕೊಳ್ಳುವುದಿಲ್ಲ. ಅಂಥ ಕಿರಾಯಿದಾರನನ್ನು ಸಾಮಾನ್ಯವಾಗಿ ತಿಂಗಳ ಲೆಕ್ಕದ ಕಿರಾಯಿದಾರ ಎಂದು ಎಣಿಸುತ್ತಾರೆ. ಹದಿನೈದು ದಿನದ ನೋಟಿಸಿನಲ್ಲಿ ಬಿಡಿಸಬಹುದು. ನಾವು ಕೂದಲು ಸೀಳಿ ಅರ್ಥ ಹುಡುಕಿದ ಕಲಮು ಕಾಗದದ ಮೇಲಿನ ಶಾಯಿ ಮಾತ್ರವಾಗಿತ್ತು.

ಹಾಗಾದರೆ ಮಾಸ್ತರರ ಪುಟ? ಅದು ನಿಲ್ಲುತ್ತಿತ್ತು ಎಂದರು ವಕೀಲರು. 1872ರ ಭಾರತೀಯ ಕರಾರು ಕಾಯ್ದೆಯ 63ನೇ ಕಲಮಿನ ಪ್ರಕಾರ, ತನಗೆ ಬರಬೇಕಾದದ್ದನ್ನು ಪೂರ್ತಿಯಾಗಿಯೋ ಭಾಗಶಃವೋ ಬಿಟ್ಟುಕೊಡಲು, ಅಥವಾ ಗಡುವು ಮುಂದೂಡಲು ಪಡೆಯಬೇಕಾದವನಿಗೆ ಅಧಿಕಾರವಿದೆ. ಬದಲಿಗೆ ಏನನ್ನೂ ಪಡೆಯಬೇಕಾಗಿಲ್ಲ. ಏಪ್ರಿಲನ್ನು ಬಿಟ್ಟಿದ್ದೇನೆ ಎಂದು ಮಾಲಕ ಬರೆದರೆ ಅದು ಬಿಟ್ಟಂತೆಯೇ. ಮಾಫಿ ಕಲಮಿನೊಳಗೆ ಇರಲಿಲ್ಲ, ಕಲಮಿನ ಅರ್ಥ ಕೇಳಿದ ಪತ್ರದ ಉತ್ತರದಲ್ಲಿ ಇತ್ತು. ಬಾಯಿಮಾತಿನಲ್ಲಿ ಕೇಳಿದ್ದರೂ ಮಾಸ್ತರರು ಅದನ್ನೇ ಹೇಳುತ್ತಿದ್ದರೇನೋ. ಆದರೆ ಆ ಮಾತು ಅವರ ಜೊತೆ ಹೋಗಿಬಿಡುತ್ತಿತ್ತು, ವಹಿಯ ಖಾಲಿ ಸಾಲು ಮಾತ್ರ ಉಳಿಯುತ್ತಿತ್ತು.

ಹೊಸ ಕರಾರನ್ನು ಮಗನೇ ರಜಿಸ್ಟರ್ ಮಾಡಿಸಿದರು. ಖರ್ಚಿನಲ್ಲಿ ಅರ್ಧ ತಮ್ಮನದು. ಹದಿನಾಲ್ಕನೇ ಕಲಮನ್ನು ಏನು ಮಾಡೋಣ ಎಂದು ಮೂವರೂ ಕುಳಿತೆವು. 'ಆಸ್ಮಾನಿ, ಸುಲ್ತಾನಿ ಅಂತ ಬರೀರಿ' ಎಂದು ತಮ್ಮ ವಕೀಲರಿಗೆ ಹೇಳಿದ. ಅವರು ನಕ್ಕರು, ಹಾಗೆ ಬರೆಯಲಿಲ್ಲ. ಆದರೆ ಫ್ರೆಂಚ್ ಮಾತನ್ನೂ ತೆಗೆದುಹಾಕಿದರು. ಈಗ ಅದು ಹೀಗಿದೆ:

"ಬೆಂಕಿ, ಪ್ರವಾಹ, ಭೂಕಂಪ, ಗಲಭೆ ಅಥವಾ ಸರಕಾರದ ಆದೇಶದಿಂದ ಅಂಗಡಿಯನ್ನು ಸತತ ಏಳು ದಿನಕ್ಕಿಂತ ಹೆಚ್ಚು ತೆರೆಯಲಾಗದಿದ್ದಲ್ಲಿ, ಕಿರಾಯಿದಾರನು ಹತ್ತು ದಿನದೊಳಗೆ ಲಿಖಿತವಾಗಿ ತಿಳಿಸಿದ ಮೇಲೆ, ಮುಚ್ಚಿದ ದಿನಗಳ ಕಿರಾಯಿಯಲ್ಲಿ ಅರ್ಧ ಇಲ್ಲ, ಉಳಿದರ್ಧವನ್ನು ಮುಂದಿನ ಆರು ತಿಂಗಳಲ್ಲಿ ಕೊಡತಕ್ಕದ್ದು. ಮೂರು ತಿಂಗಳು ಮೀರಿದರೆ ಇಬ್ಬರಲ್ಲಿ ಯಾರಾದರೂ ಕರಾರು ಮುಗಿಸಬಹುದು. ಮೂವತ್ತು ದಿನದೊಳಗೆ ಡಿಪಾಜಿಟ್ ಮರಳಿಸತಕ್ಕದ್ದು. ವ್ಯಾಪಾರ ಕಡಿಮೆಯಾಗುವುದು ಈ ಕಲಮಿಗೆ ಸೇರುವುದಿಲ್ಲ."

ಕೊನೆಯ ಸಾಲು ಮಗ ಸೇರಿಸಿದ್ದು. ವಕೀಲರು ಅದನ್ನು ತಮ್ಮನಿಗೆ ಎರಡು ಸಲ ಓದಿ ಹೇಳಿದರು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ತಿಳಿದೇ ಸಹಿ ಹಾಕಿದ.